229 ಡಿಗ್ರಿಯ ಎಣ್ಣೆ ನೂರರೊಳಗೇ ಇಳಿಯುವ ಬಗೆ

ಮಜ್ಜಿಗೆ ಹುಲ್ಲನ್ನು ಕೊಯ್ದ ತಕ್ಷಣ ಬಟ್ಟಿಗೆ ಹಾಕುವುದಿಲ್ಲ. ಒಂದು ದಿನ ನೆರಳಿನಲ್ಲಿ ಹರವಿ ಬಾಡಲು ಬಿಡುತ್ತಾರೆ. ನೀರು ಇಳಿದು ಹುಲ್ಲು ಕುಗ್ಗುತ್ತದೆ, ಅದೇ ಹಂಡೆಗೆ ಇನ್ನಷ್ಟು ಹುಲ್ಲು ಹಿಡಿಯುತ್ತದೆ, ಎಣ್ಣೆ ಮಾತ್ರ ಹೆಚ್ಚೇನೂ ಹೋಗುವುದಿಲ್ಲ. ಆಮೇಲೆ ಅದನ್ನು ತುಂಡರಿಸಿ, ಆಳೆತ್ತರದ ಸ್ಟೀಲ್ ಹಂಡೆಗೆ ಸುರಿದು, ಒಳಗಿಳಿದು ತುಳಿದು, ಮುಚ್ಚಳ ಬಿಗಿಯುತ್ತಾರೆ. ಪಕ್ಕದ ಬಾಯ್ಲರ್‌ನಿಂದ ಬರುವ ಉಗಿ ಹಂಡೆಯ ತಳದಲ್ಲಿರುವ ತೂತಿನ ತಟ್ಟೆಯ ಕೆಳಗೆ ನುಗ್ಗಿ, ಹುಲ್ಲಿನ ನಡುವೆ ಮೇಲೇರಿ, ಕೊಳವೆ ಹಿಡಿದು ತಣ್ಣೀರಿನಲ್ಲಿ ಮುಳುಗಿದ ಕಂಡೆನ್ಸರ್‌ಗೆ ಇಳಿಯುತ್ತದೆ. ಎರಡು ಮೂರು ಗಂಟೆಯಲ್ಲಿ ಒಂದು ಟನ್ ಹುಲ್ಲಿನಿಂದ ಸುಮಾರು ಐದು ಕಿಲೋ ಎಣ್ಣೆ ಸಿಗುತ್ತದೆ. ತಿಳಿ ಹಳದಿ ಬಣ್ಣ, ಮೂಗಿಗೆ ಚುರುಕು ಮುಟ್ಟಿಸುವ ನಿಂಬೆಯ ವಾಸನೆ.

ಆ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇರುವುದು ಸಿಟ್ರಾಲ್ ಎಂಬ ವಸ್ತು. ಸಿಟ್ರಾಲ್ ಒಂದನ್ನೇ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಅದು ಕುದಿಯಲು 229 ಡಿಗ್ರಿ ಸೆಲ್ಸಿಯಸ್ ಬೇಕು. ಹುಲ್ಲನ್ನು ಅಷ್ಟು ಕಾಯಿಸಿದರೆ ಅದು ಸೀದು ಹೋಗುತ್ತದೆ, ಸಿಟ್ರಾಲ್ ಕೂಡ ಕೆಡಲು ಶುರುವಾಗುತ್ತದೆ. ಆದರೆ ಹಂಡೆಯ ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಮುಳ್ಳು ನೂರು ದಾಟುವುದೇ ಇಲ್ಲ. ಸರಿಯಾಗಿ ಅಳೆದರೆ ನೂರಕ್ಕೆ ಚೂರು ಕಡಿಮೆಯೇ ಇರುತ್ತದೆ. 229ರಲ್ಲಿ ಕುದಿಯಬೇಕಾದದ್ದು ನೂರರೊಳಗೇ ಆವಿಯಾಗಿ ಬಂದದ್ದು ಹೇಗೆ?

ಉಗಿ ಎಣ್ಣೆಯನ್ನು ಹೊತ್ತೊಯ್ಯುತ್ತದೆ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ತಪ್ಪಲ್ಲ, ಆದರೆ ಅರ್ಧ ಮಾತು. ಎಣ್ಣೆ ದ್ರವವಾಗಿದ್ದರೆ ಉಗಿ ಅದನ್ನು ಹೊರುವುದಿಲ್ಲ, ಎಣ್ಣೆಯೇ ಆವಿಯಾಗಬೇಕು. ಅದನ್ನು ತಿಳಿಯಲು ಕುದಿಯುವುದು ಅಂದರೆ ಏನು ಎಂಬಲ್ಲಿಂದ ಹಿಡಿಯಬೇಕು.

ಯಾವ ದ್ರವದಿಂದಲೂ ಎಲ್ಲ ಶಾಖದಲ್ಲೂ ಸ್ವಲ್ಪ ಸ್ವಲ್ಪ ಆವಿ ಏಳುತ್ತಲೇ ಇರುತ್ತದೆ. ಕೊಠಡಿಯ ಮೂಲೆಯಲ್ಲಿ ತೆರೆದಿಟ್ಟ ಎಣ್ಣೆಯ ಸೀಸೆಯ ವಾಸನೆ ನಮ್ಮ ಮೂಗಿಗೆ ಬರುವುದು ಅದರಿಂದಲೇ. ಆ ಆವಿಗೆ ಒಂದು ಒತ್ತಡವಿದೆ, ಶಾಖ ಏರಿದಂತೆ ಅದೂ ಏರುತ್ತದೆ. ಅದು ಮೇಲಿನ ಗಾಳಿಯ ಒತ್ತಡಕ್ಕೆ ಸಮನಾದ ಗಳಿಗೆಯಲ್ಲಿ ದ್ರವದ ಒಳಗೇ ಗುಳ್ಳೆಗಳೆದ್ದು ಕುದಿ ಶುರುವಾಗುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸದಷ್ಟು. ನೀರಿನ ಆವಿ ಆ ಮಟ್ಟ ಮುಟ್ಟುವುದು 100 ಡಿಗ್ರಿಯಲ್ಲಿ. ಅದೇ ಶಾಖದಲ್ಲಿ ಸಿಟ್ರಾಲ್‌ನ ಆವಿಯ ಒತ್ತಡ ಬರೀ ನಾಲ್ಕೈದು ಮಿಲಿಮೀಟರ್. ಒಂದೇ ಇದ್ದರೆ ಅದು 760 ಮುಟ್ಟಲು 229 ಡಿಗ್ರಿವರೆಗೆ ಕಾಯಬೇಕು.

ಈಗ ನೀರೂ ಎಣ್ಣೆಯೂ ಒಂದೇ ಹಂಡೆಯಲ್ಲಿವೆ. ಇವೆರಡೂ ಬೆರೆಯುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಆಲ್ಕೋಹಾಲ್ ಮತ್ತು ನೀರಿನಂತೆ ಬೆರೆತು ಹೋಗುವ ದ್ರವಗಳಾದರೆ ಒಂದರ ಅಣುಗಳ ನಡುವೆ ಇನ್ನೊಂದರ ಅಣುಗಳು ಸೇರಿಕೊಂಡು, ಒಂಟಿಯಾಗಿದ್ದಾಗ ಇದ್ದಷ್ಟು ಆವಿ ಎರಡರಿಂದಲೂ ಏಳುವುದಿಲ್ಲ. ಬೆರೆಯದ ದ್ರವಗಳಲ್ಲಿ ಆ ತೊಡಕಿಲ್ಲ. ಇನ್ನೊಂದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನೀರು ತನ್ನ ಪೂರ್ತಿ ಒತ್ತಡ ಹಾಕುತ್ತದೆ, ಎಣ್ಣೆಯೂ ತನ್ನ ಪೂರ್ತಿ ಒತ್ತಡ ಹಾಕುತ್ತದೆ. ಒಬ್ಬನ ಕೈಯಲ್ಲಿ ಆಗದ ಬಾಗಿಲನ್ನು ಇಬ್ಬರು ಸೇರಿ ನೂಕಿದಂತೆ, ಎರಡೂ ಕೂಡಿ 760 ಆದರೆ ಸಾಕು, ಕುದಿ ಬರುತ್ತದೆ. ಎಣ್ಣೆ ಕೊಡುವ ನಾಲ್ಕೈದು ಮಿಲಿಮೀಟರ್ ಕಳೆದರೆ ನೀರು ಹಾಕಬೇಕಾದದ್ದು 755ರಷ್ಟು ಮಾತ್ರ. ಅದಕ್ಕೆ ಪೂರ್ತಿ ನೂರು ಡಿಗ್ರಿ ಬೇಕಿಲ್ಲ, 99.8 ಸಾಕು.

ಎಣ್ಣೆ ಹಗುರವಾದಷ್ಟೂ ಈ ಇಳಿತ ಎದ್ದು ಕಾಣುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು 176 ಡಿಗ್ರಿಯ ಆಸುಪಾಸಿನಲ್ಲಿ. ನೀರಿನ ಜೊತೆ ಸೇರಿದರೆ ಅದು 97–98 ಡಿಗ್ರಿಗೇ ಹೊರಟುಬಿಡುತ್ತದೆ. ಇದೆಲ್ಲ ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಬರೀ ನೀರೇ 97ಕ್ಕೆ ಕುದಿಯುತ್ತದೆ, ಊಟಿಯಲ್ಲಿ 93ರ ಒಳಗೆ. ಅಲ್ಲಿನ ಬಟ್ಟಿಗಳು ಅದಕ್ಕಿಂತಲೂ ತಣ್ಣಗೆ ನಡೆಯುತ್ತವೆ.

ನಾಲ್ಕೈದು ಮಿಲಿಮೀಟರ್ ಅಂದರೆ ಜುಜುಬಿ ಅನ್ನಿಸಬಹುದು. ಆವಿಯಲ್ಲಿ ಅಣುಗಳ ಲೆಕ್ಕ ಈ ಒತ್ತಡಗಳ ಅನುಪಾತದಲ್ಲೇ ಇರುತ್ತದೆ: ನೀರಿನ ಸುಮಾರು 170 ಅಣುಗಳಿಗೆ ಸಿಟ್ರಾಲ್‌ನ ಒಂದು. ಆದರೆ ಸಿಟ್ರಾಲ್‌ನ ಒಂದು ಅಣು ನೀರಿನ ಎಂಟೂವರೆ ಅಣುಗಳಷ್ಟು ತೂಗುತ್ತದೆ. ಹಾಗಾಗಿ ತೂಕದಲ್ಲಿ 100 ಕಿಲೋ ಉಗಿಗೆ ಹೆಚ್ಚುಕಡಿಮೆ ಐದು ಕಿಲೋ ಎಣ್ಣೆ ಬರಬೇಕು. ಅಂದರೆ ನಮ್ಮ ಒಂದು ಟನ್ ಹುಲ್ಲಿನ ಎಣ್ಣೆಯಷ್ಟನ್ನೂ 100 ಕಿಲೋ ಉಗಿಯಲ್ಲಿ ಇಳಿಸಿಬಿಡಬಹುದು!

ಕಾಗದದ ಮೇಲೆ ಮಾತ್ರ. ತಣ್ಣಗಿರುವ ಒಂದು ಟನ್ ಹುಲ್ಲನ್ನು ಬಿಸಿ ಮಾಡುವುದಕ್ಕೇ ಸುಮಾರು 100 ಕಿಲೋ ಉಗಿ ಹೋಗುತ್ತದೆ. ಆ ಹೊತ್ತಿನಲ್ಲಿ ಕಂಡೆನ್ಸರ್‌ನ ಬಾಯಲ್ಲಿ ಒಂದು ಹನಿಯೂ ಬೀಳುವುದಿಲ್ಲ, ಉಗಿಯೆಲ್ಲ ಹುಲ್ಲಿನ ಮೇಲೇ ನೀರಾಗುತ್ತಿರುತ್ತದೆ. ಅದು ಮುಗಿದ ಮೇಲೂ ಲೆಕ್ಕಕ್ಕಿಂತ ಕೆಲವು ಪಟ್ಟು ಹೆಚ್ಚು ಉಗಿ ಬೇಕು. ಕಾರಣ, ಎಣ್ಣೆ ಹುಲ್ಲಿನ ಮೇಲೆ ಸವರಿಕೊಂಡು ಕೂತಿಲ್ಲ. ಪುದೀನ, ತುಳಸಿಯಂಥ ಗಿಡಗಳಲ್ಲಿ ಎಲೆಯ ಮೇಲ್ಮೈಯ ಪುಟ್ಟ ಗ್ರಂಥಿಗಳಲ್ಲಿ ಎಣ್ಣೆ ಇರುತ್ತದೆ, ಬಿಸಿ ತಾಗಿದರೆ ಅವು ಒಡೆಯುತ್ತವೆ. ಮಜ್ಜಿಗೆ ಹುಲ್ಲಿನಲ್ಲಿ ಅದು ಗರಿಯ ಒಳಗಿನ ಕೋಶಗಳಲ್ಲಿ ಅಡಗಿದೆ. ಬಿಸಿನೀರು ಒಳಗೆ ಇಳಿದು, ಚೂರು ಎಣ್ಣೆಯನ್ನು ಕರಗಿಸಿಕೊಂಡು ಮೇಲ್ಮೈಗೆ ತಂದು ಬಿಟ್ಟ ಮೇಲೆಯೇ ಅದು ಆವಿಯಾಗುತ್ತದೆ. ಹುಲ್ಲನ್ನು ತುಂಡರಿಸುವುದು ಈ ದಾರಿಯನ್ನು ಗಿಡ್ಡ ಮಾಡಲಿಕ್ಕೆ.

ಉಗಿ ಹೆಚ್ಚು ಬಿಸಿಯಾದಷ್ಟೂ ಒಳ್ಳೆಯದು ಎಂದುಕೊಂಡು ಒಣ ಉಗಿ ಬಿಟ್ಟವರು ಕೆಡುವುದು ಇಲ್ಲೇ. ವಿಪರೀತ ಕಾದ ಉಗಿ ಹುಲ್ಲಿನ ತೇವವನ್ನು ಹೀರಿ ಒಣಗಿಸಿಬಿಡುತ್ತದೆ. ಎಣ್ಣೆಯನ್ನು ಹೊರಗೆ ತರಬೇಕಾದ ನೀರೇ ಇಲ್ಲದ ಮೇಲೆ ಎಣ್ಣೆ ಒಳಗೇ ಉಳಿಯುತ್ತದೆ, ಇಳುವರಿ ಅರ್ಧದಲ್ಲೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ಜಾಣತನವೆಲ್ಲ ಉಗಿಯನ್ನು ಹದವಾಗಿ ಹಸಿಯಾಗಿಡುವುದರಲ್ಲಿದೆ.

ಇನ್ನೊಂದು ಮಾಮೂಲಿ ಎಡವಟ್ಟು ತುಂಬುವಾಗಲೇ ಆಗುತ್ತದೆ. ಹಂಡೆಯ ಅಂಚಿನಲ್ಲಿ ಹುಲ್ಲು ಸಡಿಲವಾಗಿದ್ದರೆ ಉಗಿ ಅಲ್ಲೇ ದಾರಿ ಮಾಡಿಕೊಂಡು ಸುಮ್ಮನೆ ಮೇಲೆ ಹೋಗಿಬಿಡುತ್ತದೆ. ಮುಗಿದ ಮೇಲೆ ಹುಲ್ಲು ಹೊರಗೆಳೆದಾಗ ಗೊತ್ತಾಗುತ್ತದೆ: ಬೆಂದ ಹುಲ್ಲು ಕಂದಿ ಮೆತ್ತಗಾಗಿರುತ್ತದೆ, ಉಗಿ ತಾಗದ ಗಂಟು ಇನ್ನೂ ಹಸಿರಾಗಿಯೇ ಇರುತ್ತದೆ, ಹಿಸುಕಿದರೆ ನಿಂಬೆಯ ವಾಸನೆ ಬರುತ್ತದೆ. ಬಾಯ್ಲರ್ ಇಲ್ಲದೆ ಹಂಡೆಯ ಕೆಳಗೇ ಬೆಂಕಿ ಹಾಕುವ ಹಳೆಯ ಬಟ್ಟಿಗಳಲ್ಲಿ ತಾಪತ್ರಯ ಬೇರೆ. ನೀರು ಇಂಗಿ ಹುಲ್ಲು ತಳ ಮುಟ್ಟಿದರೆ ಎಣ್ಣೆಗೆ ಸೀದ ಹೊಗೆಯ ವಾಸನೆ ಹತ್ತುತ್ತದೆ, ಅದನ್ನು ಆಮೇಲೆ ಹೋಗಲಾಡಿಸುವುದು ಸುಲಭವಲ್ಲ.

ಕಂಡೆನ್ಸರ್‌ನಿಂದ ಹೊರಬೀಳುವುದು ನೀರು ಮತ್ತು ಎಣ್ಣೆಯ ಮಸುಕು ಧಾರೆ. ಸೆಪರೇಟರ್ ಎಂಬ ಪಾತ್ರೆಯಲ್ಲಿ ಅದು ನಿಂತಾಗ ನೀರಿಗಿಂತ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ, ನೀರು ತಳದ ಕೊಳವೆಯಿಂದ ಹರಿದು ಹೋಗುತ್ತದೆ. ಧಾರೆ ಬಿಸಿಯಾಗಿ ಬರುತ್ತಿದ್ದರೆ ಕಂಡೆನ್ಸರ್‌ಗೆ ತಣ್ಣೀರು ಸಾಲದು ಎಂದರ್ಥ. ಬಟ್ಟಿಯ ಸುತ್ತ ಘಮಘಮ ಎನ್ನುತ್ತಿದ್ದರೆ ನೋಡಲು ಬಂದವರಿಗೆ ಖುಷಿ, ಮಾಲೀಕನಿಗೆ ನಷ್ಟ. ಗಾಳಿಯಲ್ಲಿ ತೇಲುತ್ತಿರುವುದು ಅವನು ಮಾರಬೇಕಾದ ಸರಕು. ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ತಿಳಿಯಲು ಆಗಾಗ ಒಂದು ಗಾಜಿನ ಲೋಟದಲ್ಲಿ ಧಾರೆ ಹಿಡಿದು ಬೆಳಕಿಗೆ ಒಡ್ಡುತ್ತಾರೆ. ಮೇಲೆ ಎಣ್ಣೆಯ ಪೊರೆ ಕಟ್ಟುವುದು ನಿಂತಿತೆಂದರೆ ಇನ್ನು ಸೌದೆ ಸುಡುವುದು ದಂಡ.

ಭಾರದ ಎಣ್ಣೆಗಳಿಗೆ ಇದೇ ದಾರಿ ಬಹಳ ಉದ್ದವಾಗುತ್ತದೆ. ಮೈಸೂರು ಸಂಸ್ಥಾನ 1916ರಲ್ಲಿ ಶುರು ಮಾಡಿದ ಗಂಧದೆಣ್ಣೆಯ ಕೆಲಸವೂ ಉಗಿಯದ್ದೇ. ಆದರೆ ಗಂಧದ ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿಗೂ ಮೇಲೆ, ನೂರರ ಬಳಿ ಅದರ ಆವಿ ತೀರಾ ಅತ್ಯಲ್ಪ. ಚಕ್ಕೆಯನ್ನು ಪುಡಿ ಮಾಡಿ ಹಾಕಿದರೂ ಗಂಟೆಗಳ ಕೆಲಸ ದಿನಗಳಿಗೆ ಹೋಗುತ್ತದೆ.

ಹೂವಿನ ವಿಷಯ ಇನ್ನೂ ನಾಜೂಕು. ಗುಲಾಬಿ ಎಸಳು ಉಗಿಯಲ್ಲಿ ಮುದ್ದೆ ಕಟ್ಟಿಕೊಳ್ಳುವುದರಿಂದ ಅದನ್ನು ನೀರಿನಲ್ಲೇ ಹಾಕಿ ಕುದಿಸುತ್ತಾರೆ. ಅದರ ಪರಿಮಳದ ಒಂದು ದೊಡ್ಡ ಪಾಲು, ಫಿನೈಲ್ ಈಥೈಲ್ ಆಲ್ಕೋಹಾಲ್, ನೀರಿನಲ್ಲಿ ಕರಗುತ್ತದೆ. ನೀರಿನೊಡನೆ ಬೆರೆಯದಿರುವುದೇ ಈ ವಿದ್ಯೆಯ ಬುನಾದಿಯಲ್ಲವೇ? ಕರಗಿದ್ದು ಮೇಲೆ ತೇಲುವುದಿಲ್ಲ, ಪನ್ನೀರಿನಲ್ಲೇ ಉಳಿಯುತ್ತದೆ. ಅದಕ್ಕೇ ಪನ್ನೀರಿಗೆ ಅಷ್ಟು ಗುಲಾಬಿಯ ಕಳೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಟನ್‌ಗಟ್ಟಲೆ ಹೂ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಮಲ್ಲಿಗೆಗೆ ಉಗಿ ಒಗ್ಗುವುದೇ ಇಲ್ಲ. ಎಣ್ಣೆ ಅತಿ ಸ್ವಲ್ಪ, ನೂರು ಡಿಗ್ರಿಯ ಹತ್ತಿರದ ಬಿಸಿಗೂ ಪರಿಮಳ ಹಾಳಾಗುತ್ತದೆ. ಕನೌಜಿನವರು ಮಲ್ಲಿಗೆಯ ಅತ್ತರು ಬಟ್ಟಿ ಇಳಿಸುವಾಗ ಆವಿಯನ್ನು ಗಂಧದೆಣ್ಣೆಯೊಳಗೆ ಹಿಡಿಯುತ್ತಾರೆ. ಉಳಿದವರು ಹೂವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿ ಪರಿಮಳ ತೆಗೆಯುತ್ತಾರೆ. ಹಾಗಾಗಿ ‘ಉಗಿಯಲ್ಲಿ ಇಳಿಸಿದ ಅಪ್ಪಟ ಮಲ್ಲಿಗೆ ಎಣ್ಣೆ’ ಎಂಬ ಚೀಟಿ ಹಚ್ಚಿದ ಅಗ್ಗದ ಸೀಸೆ ಅಂಗಡಿಯಲ್ಲಿ ಕಂಡರೆ ದುಡ್ಡು ಕೊಡುವ ಮುಂಚೆ ಅದನ್ನು ಹೇಗೆ ತೆಗೆದಿರಿ ಎಂದು ಕೇಳಿ.