ಸ್ಫೋಟದ ಹಿಂದೆ ಅಡಗುವ ಗುಂಡು

ಆಟಗಾರ ಮೂರು ಶತ್ರು ವಿಮಾನಗಳನ್ನು ಒಟ್ಟಿಗೇ ಉಡಾಯಿಸಿದ. ಪರದೆಯ ತುಂಬ ಬೆಂಕಿ, ಹೊಗೆ, ಕಿಡಿ. ನೋಡಲು ಹಬ್ಬದಂತಿತ್ತು. ಮರುಕ್ಷಣವೇ ಅವನ ವಿಮಾನವೂ ಚೂರುಚೂರಾಯಿತು. ಹೊಡೆದವರು ಯಾರು, ಗುಂಡು ಯಾವ ಕಡೆಯಿಂದ ಬಂತು, ಒಂದೂ ತಿಳಿಯಲಿಲ್ಲ. ಆ ಗುಂಡು ಅವನೇ ಎಬ್ಬಿಸಿದ ಬೆಂಕಿಯ ಮರೆಯಲ್ಲಿ ಹಾದುಬಂದಿತ್ತು.

ವಿಡಿಯೋ ಗೇಮ್ ಆಡುವವರಿಗೆ ಇದು ಹೊಸ ಅನುಭವವಲ್ಲ. ಇಂಥಲ್ಲಿ ಬೈಗುಳ ಸಾಮಾನ್ಯವಾಗಿ ಆಟದ ಕಷ್ಟಕ್ಕೆ ಬೀಳುತ್ತದೆ. ತಪ್ಪು ಮಾತ್ರ ಹಲವು ಸಲ ಕಿಡಿಗಳದ್ದು, ಗೇಮ್ ಮಾಡುವವರು ‘ಪಾರ್ಟಿಕಲ್’ ಎಂದು ಕರೆಯುವ ಪುಟ್ಟ ಪುಟ್ಟ ಚಿತ್ರಗಳದ್ದು.

ದೀಪಾವಳಿಯ ಹೂಕುಂಡವನ್ನು ನೆನೆಸಿಕೊಂಡರೆ ಇದರ ಕೆಲಸ ಅರ್ಥವಾಗುತ್ತದೆ. ಒಂದೊಂದು ಕಿಡಿಯೂ ಒಂದು ವೇಗದಲ್ಲಿ ಒಂದು ದಿಕ್ಕಿಗೆ ಚಿಮ್ಮಿ, ಬಾಗಿ, ಬಣ್ಣಗೆಟ್ಟು ಆರಿಹೋಗುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ: ಪ್ರತಿ ಕಣಕ್ಕೆ ಹುಟ್ಟುವ ಜಾಗ, ವೇಗ, ಬಣ್ಣ, ಆಯಸ್ಸು ಕೊಟ್ಟುಬಿಟ್ಟರೆ ಉಳಿದದ್ದನ್ನು ಲೆಕ್ಕವೇ ನೋಡಿಕೊಳ್ಳುತ್ತದೆ. 1962ರ ‘ಸ್ಪೇಸ್‌ವಾರ್’ ಆಟದಲ್ಲೇ ನೌಕೆ ಸಿಡಿದಾಗ ಚುಕ್ಕಿಗಳು ಚೆಲ್ಲಾಡುತ್ತಿದ್ದವು. ಇದಕ್ಕೊಂದು ಶಾಸ್ತ್ರೀಯ ರೂಪ ಕೊಟ್ಟವರು ಲೂಕಾಸ್‌ಫಿಲ್ಮ್‌ನಲ್ಲಿದ್ದ ವಿಲಿಯಂ ರೀವ್ಸ್. 1982ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಒಂದು ಗ್ರಹವನ್ನೇ ಬೆಂಕಿ ಆವರಿಸುವ ದೃಶ್ಯವನ್ನು ಈ ಕಣಗಳಿಂದ ಕಟ್ಟಿ, ಮರುವರ್ಷ ಆ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದರು. ಆದರೆ ಸಿನಿಮಾ ನೋಡುವವನು ಕುರ್ಚಿಯಲ್ಲಿ ಕೂತಿರುತ್ತಾನೆ, ಬೆಂಕಿಯೊಳಗಿಂದ ತಪ್ಪಿಸಿಕೊಂಡು ಓಡಬೇಕಾಗಿಲ್ಲ. ಗೇಮ್‌ನಲ್ಲಿ ತೊಡಕು ಶುರುವಾಗುವುದೇ ಇಲ್ಲಿ.

ಹೊಸಬರು ಮಾಡುವ ಮೊದಲ ಸ್ಫೋಟ ಬಹುಮಟ್ಟಿಗೆ ಒಂದೇ ರೀತಿ ಕೆಡುತ್ತದೆ. ಕೇಸರಿ ಬಣ್ಣ ಕೊಟ್ಟಿರುತ್ತಾರೆ, ಪರದೆಯಲ್ಲಿ ಕಾಣುವುದು ಬಿಳಿ ಉಂಡೆ. ಕಾರಣ ಸರಳ ಕೂಡುವ ಲೆಕ್ಕ. ಬೆಂಕಿ ಹೊಳೆಯಲಿ ಎಂದು ಕಣಗಳನ್ನು ‘ಅಡಿಟಿವ್’ ವಿಧಾನದಲ್ಲಿ ಬರೆಯುತ್ತಾರೆ, ಅಂದರೆ ಒಂದರ ಮೇಲೊಂದು ಬಿದ್ದ ಬಣ್ಣಗಳು ಕೂಡಿಕೊಳ್ಳುತ್ತವೆ. ಒಂದು ಕಣದಲ್ಲಿ ಕೆಂಪು 120, ಹಸಿರು 60, ನೀಲಿ 20 ಇದೆ ಎನ್ನೋಣ. ಕಪ್ಪು ಹಿನ್ನೆಲೆಯ ಮೇಲೆ ಅದು ಮಂಕು ಕೇಸರಿ. ಮೂರು ಕಣ ಒಂದೇ ಕಡೆ ಬಿದ್ದರೆ ಕೆಂಪು 360 ಆಗಬೇಕು. ಆದರೆ ಸಾಮಾನ್ಯ ಪರದೆಗೆ 255ರ ಆಚೆ ಅಂಕಿಯಿಲ್ಲ, ಕೆಂಪು ಅಲ್ಲಿಗೇ ನಿಲ್ಲುತ್ತದೆ. ಹಸಿರು 180 ಮುಟ್ಟಿ ಝಗಮಗಿಸುವ ಕೇಸರಿ ಬರುತ್ತದೆ. ಬೇಕಾಗಿದ್ದು ಇಷ್ಟೇ. ಏಳು ಕಣ ಸೇರಿದಾಗ ಹಸಿರೂ ತುಂಬಿ ಪೇಲವ ಹಳದಿಯಾಗುತ್ತದೆ. ಹದಿಮೂರಕ್ಕೆ ನೀಲಿಯೂ ತುಂಬಿ ಅಚ್ಚ ಬಿಳಿ. ಅರವತ್ತು ಕಣಗಳು ಒಂದೇ ಬಿಂದುವಿನಿಂದ ಹುಟ್ಟುವ ಸ್ಫೋಟದ ನಡುಭಾಗ ಬೆಳ್ಳಗಾಗದೆ ಇನ್ನೇನಾದೀತು?

ಬಣ್ಣ ಸಾಲದು ಎಂದು ಇನ್ನಷ್ಟು ಕಣ ಸುರಿದರೆ ರೋಗ ಹೆಚ್ಚುತ್ತದೆ. ಹೊಳಪು ನಡುವಿನ ನಾಲ್ಕೈದು ಕಣಗಳಿಗೆ ಸಾಕು. ಸುತ್ತಲ ಜ್ವಾಲೆ ಮತ್ತು ಹೊಗೆಯನ್ನು ಬಣ್ಣ ಕೂಡದ, ಹಿಂದಿನದನ್ನು ಮುಚ್ಚುವ ಮಾಮೂಲಿ ವಿಧಾನದಲ್ಲಿ ಬರೆದರೆ ಬೆಂಕಿ ಬೆಂಕಿಯ ಬಣ್ಣದಲ್ಲೇ ಉಳಿಯುತ್ತದೆ.

ಇನ್ನು ಮೊದಲು ಹೇಳಿದ ಆ ಗುಂಡಿನ ವಿಚಾರ. 640 ಅಗಲ, 360 ಎತ್ತರದ ಪಿಕ್ಸೆಲ್‌ಗಳ ಒಂದು ಚಿಕ್ಕ ಆಟ ಎಂದಿಟ್ಟುಕೊಳ್ಳೋಣ. ಸ್ಫೋಟ 100 ಪಿಕ್ಸೆಲ್ ತ್ರಿಜ್ಯಕ್ಕೆ ಹರಡಿ ಒಂದು ಸೆಕೆಂಡು ಇರುತ್ತದೆ. ಒಂದೇ ಸ್ಫೋಟ ಪರದೆಯ ಏಳನೇ ಒಂದು ಪಾಲನ್ನು ನುಂಗುತ್ತದೆ. ಪಕ್ಕಪಕ್ಕದಲ್ಲಿ ಮೂರು ಸಿಡಿದರೆ ಶೇ 40. ಶತ್ರುವಿನ ಗುಂಡು ಸೆಕೆಂಡಿಗೆ 180 ಪಿಕ್ಸೆಲ್ ಹೋಗುವುದಾದರೆ, ಬೆಂಕಿ ಆರುವಷ್ಟರಲ್ಲಿ ಅದು ಪರದೆಯ ಅರ್ಧ ಎತ್ತರವನ್ನು ಕಣ್ಣಿಗೆ ಬೀಳದೆ ದಾಟಿರುತ್ತದೆ. ತ್ರಿಜ್ಯವನ್ನು 40ಕ್ಕೆ ಇಳಿಸಿ, ಆಯಸ್ಸನ್ನು 0.3 ಸೆಕೆಂಡಿಗೆ ಕತ್ತರಿಸಿದರೆ ಮೂರೂ ಸೇರಿ ಮುಚ್ಚುವುದು ಶೇ 7ಕ್ಕಿಂತ ಕಡಿಮೆ, ಗುಂಡು ಮರೆಯಲ್ಲಿ ಸಾಗುವುದು ಬರೀ 54 ಪಿಕ್ಸೆಲ್. ಕಣಗಳ ಸಂಖ್ಯೆಯನ್ನು ಮುಟ್ಟಲೇ ಇಲ್ಲ ಎಂಬುದನ್ನು ಗಮನಿಸಬೇಕು. ಕಣ್ಣಿಗೆ ಅಡ್ಡಬರುವುದು ಎಣಿಕೆಗಿಂತ ಹೆಚ್ಚಾಗಿ ಅವು ಆಕ್ರಮಿಸುವ ಜಾಗ ಮತ್ತು ಅಲ್ಲಿ ಬೀಡುಬಿಡುವ ಹೊತ್ತು. ಹೊಗೆಯಂತೂ ಬೇಗ ಎದ್ದುಹೋಗದ ನೆಂಟ. ಅದನ್ನು ಇಟ್ಟುಕೊಳ್ಳುವುದಾದರೆ ತೀರಾ ತೆಳುವಾಗಿ, ಪಾತ್ರಗಳ ಹಿಂದಿನ ಪದರದಲ್ಲಿ ಇಡಬೇಕು.

ಪದರದ ಈ ಉಪಾಯವನ್ನು ಚೆನ್ನಾಗಿ ಬಲ್ಲವರು ಜಪಾನಿನ ಕೇವ್ ಕಂಪನಿಯವರು. ಅವರ ‘ಡೊಡೊನ್‌ಪಾಚಿ’ (1997) ಪರದೆಯನ್ನೇ ಗುಂಡಿನ ಮಳೆಯಿಂದ ತುಂಬಿಸುವ ಆಟ, ಸ್ಫೋಟಗಳಿಗೂ ಬರವಿಲ್ಲ. ಆದರೂ ಗುಂಡು ಕಳೆದುಹೋಗುವುದಿಲ್ಲ. ಅವು ಬೆಂಕಿಯ ಮೇಲಿನ ಪದರದಲ್ಲಿ ಚಲಿಸುತ್ತವೆ, ಬಣ್ಣವೂ ಬೆಂಕಿಯಲ್ಲಿ ಇಲ್ಲದ ಗುಲಾಬಿ ಮತ್ತು ನೀಲಿ. ಇವೆರಡರಲ್ಲಿ ಒಂದೇ ಇದ್ದರೆ ಸಾಲದು: ಹಳದಿ ಗುಂಡನ್ನು ಹಳದಿ ಜ್ವಾಲೆಯ ಮೇಲಿಟ್ಟರೂ ಅದು ಕಾಣುವುದಿಲ್ಲ.

ಏಟು ಬಿದ್ದಾಗ ಹಾರುವ ಕಿಡಿಯ ಲೆಕ್ಕ ಬೇರೆ. ಅದು ಹೇಳಬೇಕಾದ್ದು ಎರಡೇ ಮಾತು: ಏಟು ಎಲ್ಲಿ ಬಿತ್ತು, ಯಾವ ಕಡೆಯಿಂದ ಬಿತ್ತು. ಸುತ್ತಲೂ ಚೆಲ್ಲುವ ನಲವತ್ತು ಕಿಡಿ ಎರಡನೆಯದನ್ನು ಹೇಳಲಾರದು. ಹೊಡೆತದ ದಿಕ್ಕಿಗೆ ಬೀಸಣಿಗೆಯಂತೆ ಚಿಮ್ಮುವ ಆರೇಳು ಹೇಳುತ್ತವೆ. ಏಟಿನ ತೂಕಕ್ಕೆ ಕಿಡಿಯೇ ಬೇಕೆಂದೂ ಇಲ್ಲ. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಗುದ್ದು ತಗುಲಿದೊಡನೆ ಇಬ್ಬರೂ ಕೆಲವು ಫ್ರೇಮ್‌ಗಳ ಕಾಲ ಕಲ್ಲಾಗಿ ನಿಲ್ಲುತ್ತಾರೆ. ಕಣ್ಣು ಅದನ್ನು ನಿಲುಗಡೆ ಎಂದು ಓದುವುದಿಲ್ಲ, ಭಾರೀ ಪೆಟ್ಟು ಎಂದು ಓದುತ್ತದೆ. ಪರದೆಯ ಒಂದು ಪಿಕ್ಸೆಲ್ಲೂ ಖರ್ಚಾಗಿಲ್ಲ!

ಧೂಳಿಗೆ ‘ಸೆಲೆಸ್ಟ್’ (2018) ಒಳ್ಳೆಯ ಮಾದರಿ. ಬೆಟ್ಟ ಹತ್ತುವ ಹುಡುಗಿ ಮ್ಯಾಡೆಲಿನ್ ನೆಲಕ್ಕೆ ಇಳಿದಾಗ ಕಾಲ ಬಳಿ ಚೂರು ಧೂಳು ಏಳುತ್ತದೆ, ಅಷ್ಟೇ. ಅಲ್ಲಿ ನೋಡಬೇಕಾದ್ದು ಅವಳ ತಲೆ. ಗಾಳಿಯಲ್ಲಿ ಮುನ್ನುಗ್ಗುವ ಶಕ್ತಿ ಬಾಕಿಯಿದ್ದರೆ ಕೂದಲು ಕೆಂಪು, ಮುಗಿದಿದ್ದರೆ ನೀಲಿ. ಧೂಳು ತಲೆಯವರೆಗೆ ಎದ್ದರೆ ಮುಂದಿನ ಜಿಗಿತ ಕುರುಡು ಜಿಗಿತವಾಗುತ್ತದೆ.

ತಮ್ಮ ಆಟ ಕೆಟ್ಟಿದೆಯೇ ಎಂದು ಮಾಡುವವರಿಗೆ ತಿಳಿಯುವುದು ಕಷ್ಟ, ಯಾಕೆಂದರೆ ಗುಂಡು ಎಲ್ಲಿಂದ ಬರುತ್ತದೆಂಬುದು ಅವರಿಗೆ ಬಾಯಿಪಾಠ. ಗದ್ದಲ ಹೆಚ್ಚಿರುವ ಕ್ಷಣದ ಸ್ಕ್ರೀನ್‌ಶಾಟ್ ತೆಗೆದು, ಬಣ್ಣ ಕಳೆದು ಕಪ್ಪುಬಿಳುಪು ಮಾಡಿ, ಆಟ ಕಂಡಿರದ ಒಬ್ಬರ ಕೈಗೆ ಕೊಟ್ಟು ‘ನಾಯಕ ಎಲ್ಲಿದ್ದಾನೆ, ಅಪಾಯ ಎಲ್ಲಿದೆ’ ಎಂದು ಕೇಳುವುದು ಸುಲಭದ ಪರೀಕ್ಷೆ. ಅವರ ಬೆರಳು ಮೊದಲು ಬೆಂಕಿಯ ಕಡೆ ಹೋದರೆ ಉತ್ತರ ಸಿಕ್ಕಂತೆ.

ಸ್ಥಿರಚಿತ್ರದಲ್ಲಿ ಸಿಕ್ಕದ ಒಂದು ದೋಷವೂ ಇದೆ, ಮಿಂಚು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ‘ಪೋಕೆಮಾನ್’ ಕಂತಿನ ಸ್ಫೋಟದಲ್ಲಿ ಕೆಂಪು–ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಮಿನುಗಿದವು. 600ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. ವೆಬ್ ಪುಟಗಳ ಸುಲಭ ಬಳಕೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ದೊಡ್ಡ ಮಿಂಚುಗಳಿಗೆ ಹಾಕಿರುವ ಗಡಿ ಸೆಕೆಂಡಿಗೆ ಮೂರು. ‘ಸೆಲೆಸ್ಟ್’ ಆಟದ ಆಯ್ಕೆಗಳಲ್ಲಿ `Photosensitive Mode` ಎಂಬ ಸಾಲೊಂದಿದೆ. ಅದನ್ನು ಒತ್ತಿದರೆ ಮಿಂಚು ತಗ್ಗುತ್ತದೆ, ಆಟ ಹಾಗೆಯೇ ನಡೆಯುತ್ತದೆ.