ಪೊಟ್ಟಣ ಬಿಚ್ಚಿದರೆ ವಿಸ್ತೀರ್ಣ

ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಸಂಜೆ ಹುರಿದ ಶೇಂಗಾ ಕೊಂಡರೆ ಕಾಗದ ಸುತ್ತಿದ ಪೊಟ್ಟಣದಲ್ಲಿ ಕೊಡುತ್ತಾರೆ. ಶೇಂಗಾ ಮುಗಿದ ಮೇಲೆ ಆ ಶಂಕುವನ್ನು ಬಿಚ್ಚಿದರೆ ಕೈಯಲ್ಲಿ ಉಳಿಯುವುದು ಚಪ್ಪಟೆ ಹಾಳೆ. ಬಾಗಿದ ಮೇಲ್ಮೈಯನ್ನು ಅಳೆಯಲು ಪಟ್ಟಿ ಒಗ್ಗದಿದ್ದರೂ ಚಪ್ಪಟೆ ಹಾಳೆಗೆ ಒಗ್ಗುತ್ತದೆ. ಹೀಗೆ ಬಿಚ್ಚಿ ಹಾಸಿದ ಆಕೃತಿಗೆ ಜಾಲ ಎನ್ನುತ್ತಾರೆ.

ಮಿಠಾಯಿ ಡಬ್ಬಿಯಂಥ ಪಟ್ಟಕ ಸುಲಭ. ಅದರ ಪಕ್ಕದ ಗೋಡೆಗಳನ್ನು ಬಿಚ್ಚಿದರೆ ಒಂದೇ ಉದ್ದನೆಯ ಆಯತ: ಉದ್ದ ತಳದ ಸುತ್ತಳತೆಯಷ್ಟು, ಅಗಲ ಡಬ್ಬಿಯ ಎತ್ತರದಷ್ಟು. ಅದಕ್ಕೆ ತಳ ಮತ್ತು ಮುಚ್ಚಳ ಸೇರಿಸಿದರಾಯಿತು. ಸಿಲಿಂಡರ್ ಆಕಾರದ ಡಬ್ಬದ್ದೂ ಇದೇ ಕಥೆ, ತಳ ಮತ್ತು ಮುಚ್ಚಳ ಮಾತ್ರ ವೃತ್ತಗಳು. ತ್ರಿಜ್ಯ 5 ಸೆಂ.ಮೀ., ಎತ್ತರ 15 ಸೆಂ.ಮೀ. ಇದ್ದರೆ ಸುತ್ತಲಿನ ಹಾಳೆ 31.4 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ. ಅಂದರೆ 471 ಚದರ ಸೆಂ.ಮೀ.

ಪೊಟ್ಟಣದ ಜಾಲ ಆಯತವಲ್ಲ, ದೊಡ್ಡ ವೃತ್ತದ ಒಂದು ತುಂಡು. ಬಾಯಿಯ ತ್ರಿಜ್ಯ 5 ಸೆಂ.ಮೀ., ತುದಿಯಿಂದ ಬಾಯಂಚಿನವರೆಗಿನ ಓರೆ ಎತ್ತರ 15 ಸೆಂ.ಮೀ. ಇರಲಿ. ಹಾಳೆಯ ಮೇಲೆ ಕೈವಾರದಿಂದ 15 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದರ ಸುತ್ತಳತೆಯಲ್ಲಿ ನಮಗೆ ಬೇಕಾದ್ದು ಬಾಯಿಯ ಸುತ್ತಳತೆಯಾದ 31.4 ಸೆಂ.ಮೀ. ಮಾತ್ರ. 5 ಎಂಬುದು 15ರ ಮೂರನೇ ಒಂದು ಪಾಲು, ಆದ್ದರಿಂದ ವೃತ್ತದ ಮೂರನೇ ಒಂದು ಭಾಗ, ಅಂದರೆ 120 ಡಿಗ್ರಿಯ ತುಂಡು ಸಾಕು. ಅಂಟಿಸಲು ಒಂದು ಅಂಚಿನಲ್ಲಿ ಸ್ವಲ್ಪ ಕಾಗದ ಹೆಚ್ಚಿಗೆ ಬಿಡಿ, ಆದರೆ ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಈ ತುಂಡಿನ ವಿಸ್ತೀರ್ಣ ಎಷ್ಟು? ತುದಿಯಿಂದ ಅಂಚಿಗೆ ಸಪೂರ ಸೀಳುಗಳಾಗಿ ಕತ್ತರಿಸಿ, ಒಂದನ್ನು ನೇರ, ಮುಂದಿನದನ್ನು ತಲೆಕೆಳಗು ಮಾಡಿ ಜೋಡಿಸಿ ನೋಡಿ. ಸೀಳು ಸಪೂರವಾದಷ್ಟೂ ಅದು ಆಯತಕ್ಕೆ ಹತ್ತಿರವಾಗುತ್ತದೆ. ಬಾಗಿದ ಅಂಚು ಅರ್ಧ ಮೇಲೆ, ಅರ್ಧ ಕೆಳಗೆ ಹಂಚಿಹೋಗುವುದರಿಂದ ಉದ್ದ 15.7, ಅಗಲ 15: ಸುಮಾರು 235.5 ಚದರ ಸೆಂ.ಮೀ. ಡಬ್ಬದ ಸುತ್ತಲಿನ ಹಾಳೆಯ ಸರಿಯಾಗಿ ಅರ್ಧ! ಬಾಯಿಯ ಅಳತೆ ಒಂದೇ ಆಗಿದ್ದು, ಡಬ್ಬದ ಎತ್ತರ ಪೊಟ್ಟಣದ ಓರೆ ಎತ್ತರಕ್ಕೆ ಸಮನಿದ್ದರೆ ಯಾವಾಗಲೂ ಹೀಗೆಯೇ. ಈ ಹೊಂದಿಕೆ ನನಗೆ ಇಡೀ ಪಾಠದಲ್ಲೇ ಅತ್ಯಂತ ಚೆಂದ ಕಾಣುತ್ತದೆ.

ಮಕ್ಕಳು ಸಾಮಾನ್ಯವಾಗಿ ಎಡವುವುದು ಓರೆ ಎತ್ತರದ ಬದಲು ನೆಟ್ಟಗಿನ ಎತ್ತರ ಹಿಡಿಯುವಲ್ಲಿ. ನಮ್ಮ ಪೊಟ್ಟಣದ ನೆಟ್ಟಗಿನ ಎತ್ತರ 14.1 ಸೆಂ.ಮೀ. ಅದನ್ನೇ ಕೈವಾರಕ್ಕೆ ಕೊಟ್ಟು, ಬಾಯಿಯ ಸುತ್ತಳತೆಗೆ ಸರಿಹೊಂದುವಂತೆ ತುಂಡು ಕತ್ತರಿಸಿದರೆ ಕೋನ ಸುಮಾರು 127 ಡಿಗ್ರಿ, ವಿಸ್ತೀರ್ಣ 222 ಚದರ ಸೆಂ.ಮೀ. ಆಗುತ್ತದೆ. ಕಾಗದದ ಮೇಲೆ ಈ ತಪ್ಪು ಕಾಣದು. ಸುತ್ತಿ, ಬಾಯಿ ಕೆಳಗಾಗಿ ಮೇಜಿನ ಮೇಲಿಟ್ಟು ಅಳೆದರೆ ಪೊಟ್ಟಣದ ಎತ್ತರ 13.2 ಸೆಂ.ಮೀ. ಮಾತ್ರ ಬರುತ್ತದೆ.