ಗಾಜಿನ ಪ್ರತಿಫಲನ ತಗ್ಗಿಸುವ ಲೇಪ ಎಷ್ಟು ದಪ್ಪವಿರಬೇಕು?

ಸಾಮಾನ್ಯ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4.3ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಕ್ಯಾಮೆರಾ ಲೆನ್ಸುಗಳಲ್ಲಿ ಇದನ್ನು ತಗ್ಗಿಸಲು ಮೆಗ್ನೀಸಿಯಂ ಫ್ಲೋರೈಡ್‌ನ ತೆಳುವಾದ ಪದರವನ್ನು ಲೇಪಿಸುತ್ತಾರೆ.

ಲೇಪವಿರುವಾಗ ಬೆಳಕು ಎರಡು ಕಡೆ ಪ್ರತಿಫಲಿಸುತ್ತದೆ: ಲೇಪದ ಮೇಲ್ಭಾಗದಲ್ಲಿ ಒಮ್ಮೆ, ಲೇಪ ಮತ್ತು ಗಾಜು ಕೂಡುವಲ್ಲಿ ಇನ್ನೊಮ್ಮೆ. ಎರಡನೆಯ ಅಲೆ ಲೇಪದೊಳಗೆ ಹೋಗಿ ಬರುವಷ್ಟರಲ್ಲಿ ಅರ್ಧ ತರಂಗದೂರ ಹಿಂದೆ ಬಿದ್ದರೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಕುಗ್ಗುತ್ತವೆ. ಹೋಗಿ ಬರುವ ದಾರಿ ಅರ್ಧವಾದ್ದರಿಂದ ಲೇಪದ ದಪ್ಪ ಕಾಲು ತರಂಗದೂರ ಇರಬೇಕು. ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಗಾಳಿಯಲ್ಲಿನ ತರಂಗದೂರವನ್ನಲ್ಲ, ಲೇಪದೊಳಗಿನದನ್ನು. ಅದು ವಕ್ರೀಭವನ ಸೂಚ್ಯಂಕದಷ್ಟು ಪಟ್ಟು ಚಿಕ್ಕದು.

ಕಣ್ಣಿಗೆ ಹೆಚ್ಚು ಪ್ರಖರವಾದ 550 ನ್ಯಾನೊಮೀಟರ್‌ನ ಹಸಿರನ್ನು ಆರಿಸಿಕೊಂಡರೆ, ಮೆಗ್ನೀಸಿಯಂ ಫ್ಲೋರೈಡ್‌ನ ಸೂಚ್ಯಂಕ 1.38 ಆಗಿರುವುದರಿಂದ:

d = λ / 4n = 550 / (4 × 1.38) ≈ 99.6 nm

ಅಂದರೆ ದಪ್ಪ ಸುಮಾರು 100 ನ್ಯಾನೊಮೀಟರ್. ಆಗ ಹಸಿರಿನ ಪ್ರತಿಫಲನ ಶೇ 1.3ಕ್ಕೆ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಎರಡು ಅಲೆಗಳ ಬಲ ಸಮನಾಗಲು ಲೇಪದ ಸೂಚ್ಯಂಕವು ಗಾಜಿನ ಸೂಚ್ಯಂಕ 1.52ರ ವರ್ಗಮೂಲ, ಅಂದರೆ 1.23 ಇರಬೇಕು. ಅಷ್ಟು ಕಡಿಮೆ ಸೂಚ್ಯಂಕದ ಗಟ್ಟಿಮುಟ್ಟಾದ ಲೇಪವಸ್ತು ಸಿಗುವುದು ಕಷ್ಟ.

ದಪ್ಪ ತಪ್ಪಿ ಇಮ್ಮಡಿಯಾದರೆ ಅಲೆಗಳು ಮತ್ತೆ ಹೊಂದಿಕೊಂಡು, ಹಸಿರಿಗೆ ಲೇಪವೇ ಇಲ್ಲದಂತಾಗುತ್ತದೆ. ದಪ್ಪ ಸರಿಯಿದ್ದಾಗಲೂ ಕೆಂಪು ಮತ್ತು ನೀಲಿ ಅಷ್ಟಾಗಿ ಕುಗ್ಗುವುದಿಲ್ಲ. ಒಂದೇ ಪದರದ ಲೇಪವಿರುವ ಲೆನ್ಸಿನ ಪ್ರತಿಫಲನ ನೇರಳೆ ಛಾಯೆಯಲ್ಲಿ ಕಾಣುವುದು ಇದರಿಂದಲೇ.